ಹೊಪುವಿನ ಬಾಲದಲ್ಲಿ ಅಡಗಿದ ಕಕಾರ

ನ್ಯೂಜಿಲೆಂಡಿನ ಮೂಲನಿವಾಸಿಗಳ ಭಾಷೆ ಮಾವೋರಿಯ ಹನ್ನೆರಡು ಕ್ರಿಯಾಪದಗಳನ್ನು ಕೆಳಗೆ ಕೊಟ್ಟಿದ್ದೇನೆ. ಆ ಭಾಷೆಯ ಒಂದು ಪದವೂ ನಿಮಗೆ ಬಾರದಿದ್ದರೆ ಒಳ್ಳೆಯದೇ ಆಯಿತು. ಭಾಷಾವಿಜ್ಞಾನದ ತರಗತಿಯಲ್ಲಿ ಧ್ವನಿಮಾಶಾಸ್ತ್ರದ ಲೆಕ್ಕ ಕೊಡುವುದೇ ಹೀಗೆ. ಗೊತ್ತಿಲ್ಲದ ಭಾಷೆಯ ಒಂದು ಹಿಡಿ ಪದಗಳನ್ನು ಮುಂದಿಟ್ಟು, ಇದರಲ್ಲಿ ಏನು ನಿಯಮವಿದೆ ಹೇಳು ಎನ್ನುತ್ತಾರೆ. ಈ ಮಾವೋರಿ ಲೆಕ್ಕ ಅವುಗಳಲ್ಲಿ ಬಹಳ ಪ್ರಸಿದ್ಧವಾದದ್ದು. ಇದನ್ನು ಬಿಡಿಸಿದೆನೆಂದು ಬೀಗಿದವರು ಮರುಗಳಿಗೆಯೇ ತಲೆ ಕೆರೆದುಕೊಳ್ಳುವಂತೆ ಮಾಡುವುದು ಇದರ ವೈಶಿಷ್ಟ್ಯ.

ಮೊದಲಿಗೆ ಕ್ರಿಯಾಪದ, ಆಮೇಲೆ ಅದರ ಕರ್ಮಣಿ ರೂಪ, ಕೊನೆಗೆ ಅರ್ಥ:

ಅಫಿ – ಅಫಿತಿಅ – ಅಪ್ಪಿಕೊಳ್ಳು
ಹೊಪು – ಹೊಪುಕಿಅ – ಹಿಡಿ
ತೊಮೊ – ತೊಮೊಕಿಅ – ಒಳಹೊಗು
ಅರು – ಅರುಮಿಅ – ಹಿಂಬಾಲಿಸು
ಇನು – ಇನುಮಿಅ – ಕುಡಿ
ತೊಹು – ತೊಹುಙಿಅ – ತೋರಿಸು
ಮಉ – ಮಉರಿಅ – ಹೊರು
ವೆರೊ – ವೆರೊಹಿಅ – ಇರಿ
ಕಿಮಿ – ಕಿಮಿಹಿಅ – ಹುಡುಕು
ತಙಿ – ತಙಿಹಿಅ – ಅಳು
ಪತು – ಪತುಅ – ಹೊಡೆ
ಕಿತೆ – ಕಿತೆಅ – ಕಾಣು

ಕರ್ಮಣಿ ಎಂದೊಡನೆ ನಮಗೆ 'ಹಿಡಿಯಲ್ಪಟ್ಟಿತು' ಎಂಬ ಪಠ್ಯಪುಸ್ತಕದ ಕನ್ನಡ ನೆನಪಾಗುತ್ತದೆ. ಮಾವೋರಿಯಲ್ಲಿ ಅದು ದಿನಬಳಕೆಯ ರೂಪ. ಮನೆಯಲ್ಲಿ ಮಗುವಿಗೆ 'ಇದನ್ನು ಕುಡಿ' ಎನ್ನಬೇಕಾದರೂ ಅವರು ಇನುಮಿಅ ಎಂದೇ ಹೇಳುತ್ತಾರೆ. ಹೀಗಾಗಿ ಮಾವೋರಿ ಮಗುವಿನ ಕಿವಿಗೆ ಈ ಎರಡನೆಯ ರೂಪ ಮೊದಲನೆಯದರಷ್ಟೇ ಬೀಳುತ್ತಿರುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಲೆಕ್ಕಕ್ಕೆ ಕೈಹಾಕುವ ಮೊದಲು ಪದಗಳನ್ನು ನಿಮ್ಮ ಕೈಯಿಂದಲೇ ಒಮ್ಮೆ ನಕಲು ಮಾಡಿಕೊಳ್ಳಿ. ಮೊದಲ ಸಲ ನಕಲು ಮಾಡಿಕೊಂಡಾಗ ನಾನು ಹೊಪುಕಿಯ, ಇನುಮಿಯ, ಪತುವ ಎಂದು ಬರೆದುಬಿಟ್ಟಿದ್ದೆ. ಕೊಟ್ಟದ್ದರಲ್ಲಿ ಯಕಾರವೂ ಇರಲಿಲ್ಲ, ವಕಾರವೂ ಇರಲಿಲ್ಲ. ಎರಡು ಸ್ವರ ಒಟ್ಟಿಗೆ ಬಂದರೆ ನಡುವೆ ಯ ಅಥವಾ ವ ತೂರಿಸುವುದು ಕನ್ನಡದ ನಾಲಿಗೆಯ ಚಾಳಿ. ಆ ಭಾಷೆಯ ಹೆಸರನ್ನೇ ನೋಡಿ. ಅವರು ಆ, ಒ ಸ್ವರಗಳನ್ನು ಅಕ್ಕಪಕ್ಕ ಇಟ್ಟು ಹೇಳುತ್ತಾರೆ, ನಮ್ಮ ಪತ್ರಿಕೆಗಳಲ್ಲಿ ಅದು ವಕಾರ ಸೇರಿ ಮಾವೋರಿ ಆಗುತ್ತದೆ. ಹೆಸರಿನಲ್ಲಿ ಇದು ನಡೆದೀತು, ಲೆಕ್ಕದಲ್ಲಿ ನಡೆಯುವುದಿಲ್ಲ. ಇಲ್ಲದ ಯಕಾರವನ್ನು ನಾವೇ ಬರೆದುಕೊಂಡು ಆಮೇಲೆ ಅದಕ್ಕೆ ನಿಯಮ ಹುಡುಕುತ್ತ ಕೂರಬೇಕಾಗುತ್ತದೆ. ಅದಕ್ಕೇ ಕಣ್ಣಿಗೆ ಒರಟಾದರೂ ಇಅ, ಉಅ ಎಂದೇ ಬರೆದಿದ್ದೇನೆ. ಇಲ್ಲಿನ ಫ ನಮ್ಮ ಫೋನ್, ಫ್ಯಾನ್‌ಗಳ ಫ. ಇನ್ನು ಙ ಅಕ್ಷರ ನಮ್ಮ ವರ್ಣಮಾಲೆಯಲ್ಲಿ ಕವರ್ಗದ ಕೊನೆಗೆ ಸುಮ್ಮನೆ ನಿಂತಿರುತ್ತದೆ. ಮಾವೋರಿಯಲ್ಲಿ ಅದಕ್ಕೆ ಕೈತುಂಬ ಕೆಲಸ, ಪದದ ಮೊದಲಲ್ಲಿಯೂ ಬರುತ್ತದೆ. ಙರು ಎಂದರೆ ಅಲೆ.

ಈಗ ಪದಗಳನ್ನು ಕತ್ತರಿಸಬೇಕು, ಯಾವುದು ಪ್ರಕೃತಿ ಯಾವುದು ಪ್ರತ್ಯಯ ಎಂದು. ಇಲ್ಲಿ ಕನ್ನಡ ಓದಿದವರಿಗೆಂದೇ ಒಂದು ಹಳ್ಳ ಇದೆ. ಹೊಪುಕಿಅ ಎಂಬುದನ್ನು ಕಂಡ ಕೂಡಲೆ ನಮ್ಮ ಕಣ್ಣು ಹೊಪು, ಕಿಅ ಎಂದು ಒಡೆಯುತ್ತದೆ. ಕಾರಣ ನಮ್ಮ ಲಿಪಿ. 'ಕಿ' ನಮಗೆ ಒಂದೇ ಅಕ್ಷರ, ಅದನ್ನು ನಡುವೆ ಸೀಳಲು ಮನಸ್ಸು ಬರುವುದಿಲ್ಲ. ಆದರೆ ಧ್ವನಿಯ ಮಟ್ಟದಲ್ಲಿ ಅದು ಕ್ ಮತ್ತು ಇ. ಶಾಲೆಯಲ್ಲಿ ಪದವನ್ನು ವರ್ಣ ವರ್ಣವಾಗಿ ಬಿಡಿಸಿ ಬರೆಸುತ್ತಿದ್ದರಲ್ಲ, ಆ ಅಭ್ಯಾಸವನ್ನು ಇಲ್ಲಿ ಹೊರತೆಗೆಯಿರಿ. ಹ್-ಒ-ಪ್-ಉ-ಕ್-ಇ-ಅ. ಹೀಗೆ ಹರಡಿಟ್ಟ ಮೇಲೆ ಗರಗಸ ಇಡಲು ಎರಡು ಜಾಗ ಕಾಣುತ್ತವೆ, ಕಕಾರದ ಹಿಂದೆ ಒಂದು, ಮುಂದೆ ಒಂದು. ಇಡೀ ಲೆಕ್ಕ ನಿಂತಿರುವುದು ಆ ಕಕಾರ ಯಾರ ಪಾಲಿನದು ಎಂಬ ಒಂದೇ ಪ್ರಶ್ನೆಯ ಮೇಲೆ.

ಹನ್ನೆರಡೂ ಕರ್ಮಣಿ ರೂಪಗಳನ್ನು ಬಾಲ ಒಂದೇ ಸಾಲಿಗೆ ಬರುವಂತೆ ಒಂದರ ಕೆಳಗೊಂದು ಬರೆಯಿರಿ. ಮೊದಲ ಹತ್ತರಲ್ಲಿ 'ಇಅ' ಸಾಮಾನ್ಯ, ಅದರ ಹಿಂದೆ ತ್, ಕ್, ಮ್, ಙ್, ರ್, ಹ್ ಎಂಬ ಆರು ವ್ಯಂಜನಗಳಲ್ಲಿ ಯಾವುದೋ ಒಂದು ಇದೆ. ಕೊನೆಯ ಎರಡರಲ್ಲಿ ವ್ಯಂಜನವೂ ಇಲ್ಲ, ಇಕಾರವೂ ಇಲ್ಲ, ಬರೀ 'ಅ'.

ಒಂದೇ ಪದ ಎರಡು ಕಡೆ ಎರಡು ರೂಪದಲ್ಲಿ ಕಂಡರೆ ಏನು ಕೇಳಬೇಕೆಂದು ನಮಗೆ ಪ್ರೌಢಶಾಲೆಯ ವ್ಯಾಕರಣವೇ ಹೇಳಿಕೊಟ್ಟಿದೆ: ಇದು ಲೋಪವೋ, ಆಗಮವೋ, ಆದೇಶವೋ? ಸಂಧಿಯ ಪಾಠದಲ್ಲಿ ಉತ್ತರ ಮೊದಲೇ ಗೊತ್ತಿರುವ ಪದಗಳಿಗೆ ಈ ಹೆಸರುಗಳನ್ನು ಅಂಟಿಸಿ ಅಂಕ ತೆಗೆದುಕೊಂಡಿದ್ದೇವೆ. ಗೊತ್ತಿಲ್ಲದ ಭಾಷೆಯ ಮುಂದೆ ಅವು ಮೂರು ಊಹೆಗಳಾಗುತ್ತವೆ. ಇಲ್ಲಿ ಒಂದು ಧ್ವನಿಯ ಜಾಗಕ್ಕೆ ಇನ್ನೊಂದು ಬಂದಿಲ್ಲವಾದ್ದರಿಂದ ಆದೇಶವನ್ನು ಬದಿಗಿಡಬಹುದು. ಉಳಿದದ್ದು ಎರಡು. ಹೊಪು ಎಂಬುದಕ್ಕೆ ಇಅ ಸೇರುವಾಗ ನಡುವೆ ಕಕಾರ ಬಂದು ಸೇರಿತೆಂದರೆ ಆಗಮ. ಪ್ರಕೃತಿಯೇ ಹೊಪುಕ್, ಒಂಟಿಯಾಗಿ ಹೇಳುವಾಗ ಕೊನೆಯ ಕಕಾರ ಬಿದ್ದುಹೋಗುತ್ತದೆಂದರೆ ಲೋಪ.

ಕನ್ನಡದವರ ಕೈ ಸಹಜವಾಗಿ ಆಗಮದ ಕಡೆ ಹೋಗುತ್ತದೆ. ಮನೆಯನ್ನು, ಗುರುವನ್ನು ಎಂದು ದಿನಾ ಮಾಡುವ ಕೆಲಸ ಅದೇ ತಾನೇ. ಆದರೆ ಆಗಮವೆಂದರೆ ಅದಕ್ಕೊಂದು ಷರತ್ತು ಇದೆ: ಯಾವ ಧ್ವನಿ ಬಂದು ಸೇರುತ್ತದೆ ಎಂಬುದನ್ನು ಪ್ರಕೃತಿಯನ್ನು ನೋಡಿಯೇ ಹೇಳಲು ಬರಬೇಕು. ಕನ್ನಡದಲ್ಲಿ ಹಿಂದಿನ ಸ್ವರ ಇ, ಎ ಆದರೆ ಯಕಾರ, ಉ ಆದರೆ ವಕಾರ. ಹೊಸ ಪದ ಕೊಟ್ಟರೂ ಮೊದಲೇ ಹೇಳಿಬಿಡಬಹುದು. ಮಾವೋರಿಯ ಪಟ್ಟಿಯಲ್ಲಿ ಉಕಾರದಲ್ಲಿ ಮುಗಿಯುವವನ್ನು ಮಾತ್ರ ಆರಿಸಿ ನೋಡಿ. ಹೊಪು ಕಕಾರ ತಂದುಕೊಂಡಿತು, ಅರು ಮತ್ತು ಇನು ಮಕಾರ, ತೊಹು ಙಕಾರ, ಮಉ ರಕಾರ. ಪತು ಏನನ್ನೂ ತರಲಿಲ್ಲ. ಒಂದೇ ಸ್ವರದ ಮುಂದೆ ಐದು ಬಗೆ. ಅದರ ಹಿಂದಿನ ವ್ಯಂಜನ ಕಾರಣವಿದ್ದೀತೇ ಎಂದು ನೋಡಿದರೆ ಅದೂ ಇಲ್ಲ. ಕಿಮಿ, ತೊಮೊ ಎರಡರಲ್ಲೂ ಕೊನೆಯ ಸ್ವರದ ಹಿಂದೆ ಮಕಾರವಿದೆ, ಒಂದಕ್ಕೆ ಹ್ ಬಂದರೆ ಇನ್ನೊಂದಕ್ಕೆ ಕ್. ಅರ್ಥದಲ್ಲಿ ಸಂಬಂಧವಿದೆಯೋ ಎಂದರೆ ಇರಿಯುವುದು, ಹುಡುಕುವುದು, ಅಳುವುದು ಮೂರಕ್ಕೂ ಹಕಾರವೇ. ಇವನ್ನು ಸೇರಿಸಿ ಕಥೆ ಬರೆಯಬಹುದು, ವ್ಯಾಕರಣ ಬರೆಯಲಾಗದು.

ಇಲ್ಲಿ ಕಲಿಯುವವರು ಮಾಡುವ ಒಂದು ಕಳ್ಳಾಟವಿದೆ. 'ಪು' ಆದಮೇಲೆ ಕಕಾರ, 'ಹು' ಆದಮೇಲೆ ಙಕಾರ, 'ತು' ಆದಮೇಲೆ ಏನೂ ಇಲ್ಲ ಎಂದು ಬರೆದರೆ ಪಟ್ಟಿಯ ಹನ್ನೆರಡು ಪದಗಳಿಗೂ ಅದು ಹೊಂದುತ್ತದೆ. ಹನ್ನೆರಡು ಪದಗಳ ಮೇಲೆ ಇಂಥ ನಿಯಮ ಯಾವಾಗಲೂ ಕಟ್ಟಬಹುದು. ಅದು ಸುಳ್ಳು ನಿಯಮವೆಂದು ಗೊತ್ತಾಗುವುದು ಎಣಿಸಿದಾಗ. ಒಂದೊಂದು ವಾಕ್ಯಕ್ಕೂ ಒಂದೊಂದೇ ಪದ ಸಿಕ್ಕರೆ ನೀವು ಪಟ್ಟಿಯನ್ನೇ ಬೇರೆ ಮಾತಿನಲ್ಲಿ ಮತ್ತೆ ಬರೆದಿದ್ದೀರಿ ಅಷ್ಟೆ.

ಹಾಗಾದರೆ ಉಳಿದದ್ದು ಲೋಪ. ಪ್ರಕೃತಿಗಳು ಅಫಿತ್, ಹೊಪುಕ್, ತೊಮೊಕ್, ಅರುಮ್, ಇನುಮ್, ತೊಹುಙ್, ಮಉರ್, ವೆರೊಹ್, ಕಿಮಿಹ್, ತಙಿಹ್. ಪತು ಮತ್ತು ಕಿತೆ ಮಾತ್ರ ನಿಜವಾಗಿ ಸ್ವರದಲ್ಲಿ ಮುಗಿಯುವವು. ಪ್ರತ್ಯಯ ಎಲ್ಲಕ್ಕೂ ಒಂದೇ, ಇಅ. ನಿಯಮ ಎರಡು. ಪದದ ಕೊನೆಯಲ್ಲಿ ವ್ಯಂಜನ ಬಂದರೆ ಅದು ಲೋಪವಾಗುತ್ತದೆ. ಸ್ವರಾಂತ ಪ್ರಕೃತಿಗೆ ಸ್ವರದಿಂದ ಶುರುವಾಗುವ ಪ್ರತ್ಯಯ ಸೇರಿದರೆ ಪ್ರತ್ಯಯದ ಮೊದಲ ಸ್ವರ ಲೋಪವಾಗುತ್ತದೆ, ಆದ್ದರಿಂದ ಪತು ಮತ್ತು ಇಅ ಸೇರಿ ಪತುಅ. ನಮ್ಮ ಲೋಪಸಂಧಿಯಲ್ಲಿ ಬೀಳುವುದು ಹಿಂದಿನ ಪದದ ಸ್ವರ, ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುತ್ತದೆ. ಮಾವೋರಿಯಲ್ಲಿ ಬೀಳುವುದು ಮುಂದಿನದು.

ಈ ಉತ್ತರ ಮೊದಲು ಓದಿದಾಗ ಒಪ್ಪಿಗೆಯಾಗುವುದು ಕಷ್ಟ. ಯಾರ ಬಾಯಲ್ಲೂ ಕೇಳದ ಹೊಪುಕ್ ಎಂಬುದನ್ನು ಮೂಲವೆಂದು ಕರೆಯುವುದು ಹೇಗೆ? ನಿಘಂಟಿನಲ್ಲಿರುವುದು ಹೊಪು, ಒಂಟಿಯಾಗಿ ಕೇಳಿಬರುವುದೂ ಹೊಪು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ, ಒಂಟಿಯಾಗಿ ನಿಂತ ರೂಪವೇ ಮೂಲ ಎಂದುಕೊಂಡು. ಒಂಟಿಯಾಗಿ ನಿಂತಾಗಲೇ ಪದದ ಕೊನೆಗೆ ಆಸರೆ ಕಡಿಮೆ, ಕಳೆದುಕೊಳ್ಳುವುದೂ ಅಲ್ಲಿಯೇ ಹೆಚ್ಚು. ಹೊಪುಕ್ ಎಂದಿಟ್ಟುಕೊಂಡರೆ ಅದರಿಂದ ಹೊಪುವನ್ನೂ ಹೊಪುಕಿಅವನ್ನೂ ತಪ್ಪದೆ ಹೊರಡಿಸಬಹುದು. ಹೊಪು ಎಂದಿಟ್ಟುಕೊಂಡರೆ ಕಕಾರ ಎಲ್ಲಿಂದ ಬಂತೆಂದು ಹೇಳಲಾಗದು. ಕಳೆದದ್ದನ್ನು ನಿಯಮ ಹೇಳೀತು, ಇಲ್ಲದ್ದನ್ನು ನಿಯಮ ಹುಟ್ಟಿಸಲಾರದು.

ಆದರೂ ಎರಡು ಕಾಲಂ ಪದಗಳ ಮೇಲೆ ಇಷ್ಟು ನಂಬಿಕೆ ಇಡಬಾರದು. ಮೂರನೆಯ ಕಾಲಂ ಕೇಳಬೇಕು. ಮಾವೋರಿಯಲ್ಲಿ ಕ್ರಿಯಾಪದದಿಂದ ನಾಮಪದ ಮಾಡುವ ಇನ್ನೊಂದು ಪ್ರತ್ಯಯವಿದೆ, ನಾವು ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ ಮಾಡಿಕೊಂಡಂತೆ. ಹೊಪುವಿನಿಂದ ಹೊಪುಕಙ, ಹಿಡಿತ. ತೊಮೊವಿನಿಂದ ತೊಮೊಕಙ, ಒಳಗೆ ಹೋಗುವ ಬಾಗಿಲು. ಇನುವಿನಿಂದ ಇನುಮಙ, ಕಿಮಿಯಿಂದ ಕಿಮಿಹಙ. ತಙಿ, ಅಂದರೆ ಅಳು, ಎಂಬುದರಿಂದ ತಙಿಹಙ. ಸತ್ತವರನ್ನು ನಡುವೆ ಮಲಗಿಸಿಕೊಂಡು ನೆಂಟರಿಷ್ಟರೆಲ್ಲ ದಿನಗಟ್ಟಲೆ ಕೂಡಿ ಶೋಕಿಸುವ ಮಾವೋರಿ ಆಚರಣೆಯ ಹೆಸರು ಅದು. ಇನ್ನು ಪತುವಿನಿಂದ ಪತುಙ, ಕಿತೆಯಿಂದ ಕಿತೆಙ.

ಪ್ರತ್ಯಯ ಅಙ ಎಂದು ಹಿಡಿದರೆ ಎಲ್ಲವೂ ಮೊದಲು ಬರೆದ ನಿಯಮಗಳಿಗೇ ಬಂದು ಕೂರುತ್ತವೆ. ಹೊಪುಕ್ ಮತ್ತು ಅಙ ಸೇರಿ ಹೊಪುಕಙ. ಪತು ಸ್ವರಾಂತ, ಪ್ರತ್ಯಯದ ಮೊದಲ ಅಕಾರ ಬಿದ್ದು ಪತುಙ. ಹೊಸ ನಿಯಮ ಒಂದೂ ಬೇಕಾಗಲಿಲ್ಲ. ಬದಲಿಗೆ ವ್ಯಂಜನ ಪ್ರತ್ಯಯದ್ದೇ ಎಂದು ಹಟ ಹಿಡಿದವರ ಲೆಕ್ಕ ನೋಡಿ. ಕರ್ಮಣಿಗೆ ತಿಅ, ಕಿಅ, ಮಿಅ, ಙಿಅ, ರಿಅ, ಹಿಅ, ಅ ಎಂದು ಏಳು ಪ್ರತ್ಯಯ. ನಾಮಪದಕ್ಕೆ ಕಙ, ಮಙ, ಹಙ, ಙ ಎಂದು ಸದ್ಯಕ್ಕೇ ನಾಲ್ಕು. ಸಂಖ್ಯೆ ಹೆಚ್ಚಾದದ್ದು ದೊಡ್ಡ ತೊಂದರೆಯಲ್ಲ. ಕರ್ಮಣಿಯಲ್ಲಿ ಕಕಾರದ ಪ್ರತ್ಯಯ ಆರಿಸಿಕೊಂಡ ಕ್ರಿಯಾಪದವೇ ನಾಮಪದದಲ್ಲೂ ಕಕಾರದ್ದನ್ನೇ ಆರಿಸಿಕೊಂಡದ್ದು ಏಕೆ ಎಂಬುದಕ್ಕೆ ಅವರ ಬಳಿ ಉತ್ತರವಿಲ್ಲ. ಲೋಪದ ಪಕ್ಷದಲ್ಲಿ ಅದು ಪ್ರಶ್ನೆಯೇ ಅಲ್ಲ, ಎರಡು ಕಡೆಯೂ ಕಾಣುತ್ತಿರುವುದು ಒಂದೇ ಕಕಾರ.

ಇಷ್ಟಾದ ಮೇಲೆ ಪಟ್ಟಿಯಿಂದ ತಲೆಯೆತ್ತಿ ಇಡೀ ಭಾಷೆಯನ್ನು ನೋಡಬೇಕು. ಮಾವೋರಿಯಲ್ಲಿ ವ್ಯಂಜನಗಳು ಹತ್ತು, ಸ್ವರಗಳು ಐದು, ಅವುಗಳ ದೀರ್ಘ ರೂಪಗಳು ಬೇರೆ. ಒತ್ತಕ್ಷರ ಇಲ್ಲವೇ ಇಲ್ಲ, ವ್ಯಂಜನದಲ್ಲಿ ಮುಗಿಯುವ ಪದ ಒಂದೂ ಇಲ್ಲ. ಅಂದರೆ ಪದದ ಕೊನೆಯ ವ್ಯಂಜನ ಬೀಳುತ್ತದೆ ಎಂಬ ನಿಯಮ ಈ ಹನ್ನೆರಡು ಪದಗಳಿಗಾಗಿ ನಾವು ಹೊಲಿಸಿದ ಅಂಗಿಯಲ್ಲ, ಆ ಭಾಷೆಯ ಮೈಕಟ್ಟೇ ಹಾಗಿದೆ.

ನೆಂಟರ ಸಾಕ್ಷಿಯೂ ಇದೆ. ಮಾವೋರಿ ಆಸ್ಟ್ರೊನೇಷಿಯನ್ ಎಂಬ ದೊಡ್ಡ ಮನೆತನದ ಭಾಷೆ, ಮಲಯ ಅದರ ದೂರದ ಸಂಬಂಧಿ. ಮಲಯದಲ್ಲಿ ಕುಡಿ ಎಂಬುದಕ್ಕೆ ಮಿನುಮ್, ಅಳು ಎಂಬುದಕ್ಕೆ ತಙಿಸ್. ನಾವು ಮಾವೋರಿಗೆ ಇಟ್ಟ ಇನುಮ್, ತಙಿಹ್ ಪಕ್ಕದಲ್ಲಿ ಇವನ್ನಿಟ್ಟು ನೋಡಿ. ಯಾರೂ ಉಚ್ಚರಿಸದ, ಕಾಗದದ ಮೇಲಷ್ಟೇ ಇದ್ದ ಮಕಾರ ಸಾವಿರಾರು ಮೈಲಿ ದೂರದಲ್ಲಿ ಇನ್ನೂ ಜನರ ಬಾಯಲ್ಲಿದೆ. ಹಳೆಯ ಸಕಾರ ಮಾವೋರಿಯಲ್ಲಿ ಹಕಾರವಾಗಿರುವುದು ಬೇರೆ ಪದಗಳಲ್ಲೂ ಕಾಣುವ ನಿಯತವಾದ ಬದಲಾವಣೆ. ನಮ್ಮ ಪಾಲು ಹಾಲಾದಂತೆ ಎನ್ನಿ.

ಪರೀಕ್ಷೆಯಲ್ಲಿ ಇಲ್ಲಿಗೆ ಪೂರ್ತಿ ಅಂಕ ಬರುತ್ತದೆ. ಮುಂದಿನದು ಅಂಕಕ್ಕಾಗಿ ಅಲ್ಲ.

ಮೊದಲು ಹೊಂದದ ಪದಗಳನ್ನು ನೋಡೋಣ. ಲೆಕ್ಕ ಕೊಟ್ಟವರು ಹೊಂದುವ ಪದಗಳನ್ನೇ ಆರಿಸಿ ಕೊಟ್ಟಿರುತ್ತಾರೆ ಎಂಬುದನ್ನು ಮರೆಯಬಾರದು, ನಾನೂ ಹಾಗೇ ಕೊಟ್ಟಿದ್ದೇನೆ. ಹೊಕೊ ಎಂದರೆ ಕೊಳ್ಳು. ಅದರ ಕರ್ಮಣಿ ಹೊಕೊನ. ಪ್ರಕೃತಿ ಹೊಕೊನ್ ಆಗಿದ್ದರೆ ಹೊಕೊನಿಅ ಆಗಬೇಕಿತ್ತು, ಹೊಕೊ ಎಂದೇ ಆಗಿದ್ದರೆ ಹೊಕೊಅ. ಬಂದದ್ದು ಎರಡೂ ಅಲ್ಲ. ಅದರ ನಾಮರೂಪ ಹೊಕೊಙ, ಅಲ್ಲಿ ನಕಾರದ ಸುಳಿವೇ ಇಲ್ಲ. ನೊಹೊ, ಕುಳಿತುಕೊಳ್ಳು, ಎಂಬುದರ ಕರ್ಮಣಿ ನೊಹೊಇಅ. ನಮ್ಮ ಎರಡನೆಯ ನಿಯಮದ ಪ್ರಕಾರ ಇಕಾರ ಬಿದ್ದಿರಬೇಕಿತ್ತು, ಬಿದ್ದಿಲ್ಲ. ಇಂಥ ಪದ ಸಿಕ್ಕಾಗ ನಿಯಮಕ್ಕೆ ಬಾಲಂಗೋಚಿ ಕಟ್ಟಿ ಇವನ್ನೂ ಒಳಗೆ ತಳ್ಳುವ ಆಸೆಯಾಗುತ್ತದೆ. ಮಾಡಬೇಡಿ. ಪುಟದ ಅಂಚಿನಲ್ಲಿ ಬೇರೆಯಾಗಿ ಬರೆದಿಡಿ. ಅಂಚಿನ ಪಟ್ಟಿ ಬೆಳೆಯುತ್ತ ಹೋದರೆ ನಿಯಮವೇ ತಪ್ಪು, ಎರಡು ಮೂರರಲ್ಲೇ ನಿಂತರೆ ಆ ಪದಗಳಿಗೆ ಬೇರೆ ಕಥೆ ಇದೆ ಎಂದರ್ಥ.

ದೊಡ್ಡ ಪೆಟ್ಟು ಬರುವುದು ಬೇರೆ ಕಡೆಯಿಂದ. ಅಮೆರಿಕದ ಭಾಷಾವಿಜ್ಞಾನಿ ಕೆನೆತ್ ಹೇಲ್ 1973ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಈ ಲೆಕ್ಕವನ್ನು ಎತ್ತಿಕೊಂಡರು. ಪ್ರಬಂಧ ಮುಖ್ಯವಾಗಿ ಇದ್ದದ್ದು ಆಸ್ಟ್ರೇಲಿಯಾದ ಭಾಷೆಗಳ ಬಗ್ಗೆ, ಮಾವೋರಿ ಅದರಲ್ಲಿ ಪಕ್ಕದ ಉದಾಹರಣೆ. ಆದರೆ ಈಗ ಎಲ್ಲರಿಗೂ ನೆನಪಿರುವುದು ಆ ಪಕ್ಕದ ಉದಾಹರಣೆಯೇ. ಹೇಲ್ ಕೇಳಿದ ಪ್ರಶ್ನೆ ಸರಳವಾದದ್ದು. ಲೋಪದ ಉತ್ತರ ಕಾಗದದ ಮೇಲೆ ಚೆನ್ನಾಗಿದೆ, ಮಾವೋರಿ ಮಾತಾಡುವವರ ತಲೆಯಲ್ಲೂ ಅದೇ ಇದೆಯೇ?

ಇದನ್ನು ಹಳೆಯ ಪದಗಳಲ್ಲಿ ತಿಳಿಯಲಾಗದು, ಅವು ಬಾಯಿಪಾಠವಾಗಿರುತ್ತವೆ. ಹಿಂದೆಂದೂ ಕರ್ಮಣಿ ಕೇಳಿರದ ಪದ ಕೊಟ್ಟು ನೋಡಬೇಕು. ಇಂಗ್ಲಿಷಿನ ಪೇಂಟ್ ಮಾವೋರಿಗೆ ಹೋಗಿ ಪೆಇತ ಆಗಿದೆ, ನಮ್ಮಲ್ಲಿ ಪೇಂಟು ಆದ ಹಾಗೆ. ಪೆಇತ ಎಂಬುದರ ಕೊನೆಯಲ್ಲಿ ಬಚ್ಚಿಟ್ಟ ವ್ಯಂಜನ ಇರಲು ಸಾಧ್ಯವಿಲ್ಲ, ಅದು ನಿನ್ನೆ ಮೊನ್ನೆ ಬಂದ ಪದ. ನಮ್ಮ ನಿಯಮದಂತೆ ಅದರ ಕರ್ಮಣಿ, ಸ್ವರಾಂತವಾದ ಪತುವಿನ ಹಾಗೆ, ಬರೀ ಅಕಾರ ಸೇರಿ ಆಗಬೇಕು. ಆದರೆ ಜನ ಹೇಳುವುದು ಪೆಇತತಿಅ. ನಾಮಪದವನ್ನು ಮಾತಿನ ಓಘದಲ್ಲಿ ಕ್ರಿಯಾಪದವಾಗಿ ಬಳಸಿಕೊಂಡಾಗಲೂ ತಿಅ. 'ಫಕ' ಎಂಬ ಪೂರ್ವಪ್ರತ್ಯಯ ಹಚ್ಚಿ ಪ್ರೇರಣಾರ್ಥಕ ಮಾಡಿದಾಗಲೂ ತಿಅ ಬರುತ್ತದೆ. ಮಉ ಎಂಬುದಕ್ಕೆ ಮಉರಿಅ ಎನ್ನುವ ಬಾಯಿಯೇ ಫಕಮಉತಿಅ ಎನ್ನುವುದುಂಟು. ಪ್ರಕೃತಿ ನಿಜವಾಗಿಯೂ ಮಉರ್ ಆಗಿದ್ದರೆ ರಕಾರ ಅಲ್ಲಿ ಬಿಟ್ಟುಹೋಗಲು ಕಾರಣವೇನು? ಯಾವುದೋ ಕ್ರಿಯಾಪದಕ್ಕೆ ಸರಿಯಾದ ರೂಪ ನೆನಪಾಗದಿದ್ದರೆ ತಿಅ ಹಾಕಿ ದಾಟಿಕೊಳ್ಳುತ್ತಾರೆ ಎಂಬುದನ್ನೂ ಹೇಲ್ ಗಮನಿಸಿದರು. ಕೆಲವು ಪ್ರದೇಶಗಳಲ್ಲಿ ಹೀಗೆ ಆಪತ್ತಿಗಾಗುವುದು ತಿಅ ಅಲ್ಲ, ಹಿಅ ಅಥವಾ ಙಿಅ. ಆದರೆ ಎಲ್ಲೆಡೆಯೂ ವ್ಯಂಜನ ಪ್ರತ್ಯಯದ ಜೊತೆಗೇ ಬರುತ್ತದೆ.

ಇದರಿಂದ ಹೇಲ್ ಕಂಡುಕೊಂಡದ್ದು ಇಷ್ಟು. ಇತಿಹಾಸದಲ್ಲಿ ನಡೆದದ್ದು ಲೋಪವೇ, ಮಿನುಮ್ ಅದಕ್ಕೆ ಸಾಕ್ಷಿ. ಆದರೆ ಕೊನೆಯ ವ್ಯಂಜನಗಳೆಲ್ಲ ಉದುರಿಹೋದ ಮೇಲೆ ಹುಟ್ಟಿದ ಮಗುವಿಗೆ ಸ್ವರದಲ್ಲಿ ಮುಗಿಯುವ ಪದಗಳ ಹೊರತು ಬೇರೆ ಕೇಳಿಯೇ ಗೊತ್ತಿಲ್ಲ. ಇನು ಎಂದು ಕೇಳುತ್ತದೆ, ಇನುಮಿಅ ಎಂದು ಕೇಳುತ್ತದೆ. ಭಾಷೆಯಲ್ಲಿ ಎಲ್ಲೂ ಇಲ್ಲದ ಇನುಮ್ ಎಂಬ ಆಕಾರವನ್ನು ಕಲ್ಪಿಸಿಕೊಳ್ಳುವ ಬದಲು ಅದು ಇನು ಮತ್ತು ಮಿಅ ಎಂದೇ ಒಡೆಯುತ್ತದೆ. ಇಂಥಿಂಥ ಕ್ರಿಯಾಪದಕ್ಕೆ ಮಿಅ, ಇಂಥದ್ದಕ್ಕೆ ಕಿಅ ಎಂದು ಬಾಯಿಪಾಠ ಮಾಡುತ್ತದೆ, ಮಿಕ್ಕದ್ದಕ್ಕೆಲ್ಲ ತಿಅ. ನಾವು ಹಟಮಾರಿಯ ಲೆಕ್ಕವೆಂದು ತಳ್ಳಿಹಾಕಿದ್ದ ಏಳು ಪ್ರತ್ಯಯಗಳ ಉತ್ತರವೇ ಮಾತಾಡುವವರ ಉತ್ತರ. ನಮ್ಮ ಲಿಪಿ ಹೊಪು, ಕಿಅ ಎಂದು ಕತ್ತರಿಸಲು ಆಸೆ ಹುಟ್ಟಿಸಿತ್ತಲ್ಲ, ತಪ್ಪು ಕಾರಣಕ್ಕೆ ಅದು ಸರಿಯಾದ ಜಾಗ ತೋರಿಸಿತ್ತು ಎನ್ನಬೇಕು.

ಈ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಲೋಪದ ಪಕ್ಷವನ್ನು ಸುಧಾರಿಸಿ ಎತ್ತಿಹಿಡಿದವರು ಆಮೇಲೂ ಬಂದಿದ್ದಾರೆ. ನನ್ನ ಮಟ್ಟಿಗೆ ಹೇಲ್ ಮಾತು ಹೆಚ್ಚು ತೂಕದ್ದು. ಹೊಸ ಪದದ ಮೇಲೆ ಕೆಲಸ ಮಾಡದ ನಿಯಮವನ್ನು ಜೀವಂತ ನಿಯಮವೆಂದು ಒಪ್ಪಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಹೊಪುಕ್ ಎಂಬ ಉತ್ತರದ ತನಕ ಹೋಗದೆ ನೇರವಾಗಿ ಏಳು ಪ್ರತ್ಯಯ ಎಂದು ಬರೆದವರಿಗೆ ನಾನಾಗಿದ್ದರೆ ಅಂಕ ಕೊಡುತ್ತಿರಲಿಲ್ಲ. ಅವರು ಪೆಇತತಿಅ ನೋಡಿ ಆ ಉತ್ತರಕ್ಕೆ ಬಂದವರಲ್ಲ, ಕಕಾರ ಎರಡು ಕಡೆ ಒಂದೇ ಎಂಬುದನ್ನು ಗಮನಿಸದೆ ಬಂದವರು.

ಈಗ ಒಂದು ಲೆಕ್ಕ ನಿಮಗೆ. ಊರು ಎಂಬುದಕ್ಕೆ ಊರಿಗೆ, ಕಾಲು ಎಂಬುದಕ್ಕೆ ಕಾಲಿಗೆ, ಕಣ್ಣು ಎಂಬುದಕ್ಕೆ ಕಣ್ಣಿಗೆ, ಬಸ್ಸು ಎಂಬುದಕ್ಕೆ ಬಸ್ಸಿಗೆ, ಕಾಡು ಎಂಬುದಕ್ಕೆ ಕಾಡಿಗೆ ಎನ್ನುತ್ತೇವೆ. ಗುರು, ಮಗು, ಕರು, ಹಸು, ವಸ್ತು, ಸಾಧು ಎಂಬುವಕ್ಕೆ ಮಾತ್ರ ಗುರುವಿಗೆ, ಮಗುವಿಗೆ, ಕರುವಿಗೆ, ಹಸುವಿಗೆ, ವಸ್ತುವಿಗೆ, ಸಾಧುವಿಗೆ. ಎಲ್ಲವೂ ಉಕಾರದಲ್ಲೇ ಮುಗಿಯುತ್ತವೆ. ಒಂದು ಗುಂಪಿನಲ್ಲಿ ಉಕಾರ ಬೀಳುತ್ತದೆ, ಇನ್ನೊಂದರಲ್ಲಿ ಉಳಿದು ವಕಾರವನ್ನು ಕರೆದುಕೊಳ್ಳುತ್ತದೆ. ಹಳಗನ್ನಡದಲ್ಲಿ ಊರ್, ಕಾಲ್, ಕಣ್ ಎಂದು ಇದ್ದವಲ್ಲ, ಬೀಳುವುದು ಆಮೇಲೆ ಸೇರಿಕೊಂಡ ಉಕಾರ ಎಂದು ಥಟ್ಟನೆ ಉತ್ತರ ಹೊಳೆಯಬಹುದು. ಹಾಗೆಂದು ಬರೆದುಬಿಡುವ ಮೊದಲು ಕಾಡು ಎಂಬುದನ್ನು ಇನ್ನೊಮ್ಮೆ ನೋಡಿ. ಅದು ಹಳಗನ್ನಡದಲ್ಲೂ ಕಾಡು ಎಂದೇ ಇತ್ತು.